ಎತ್ತದ ಫೋನಿಗೆ ನಿಮಿಷಕ್ಕೊಂದು ಕರೆ

ಸಂಜೆ ಏಳೂವರೆಗೆ ಫೋನ್ ಬಂತು. "ಸಾರ್, ಕಂಪ್ಯೂಟ್ರು ಹಾಲು ತಗೊತಿಲ್ಲ" ಎಂದರು ಅತ್ತಲಿಂದ. ಮಾತನಾಡುತ್ತಿದ್ದವರು ಮಂಡ್ಯ ಕಡೆಯ ಒಂದು ಹಾಲು ಸಂಗ್ರಹಣಾ ಕೇಂದ್ರದ ಕಾರ್ಯದರ್ಶಿ. ಅವರ ಹಿಂದೆ ಕ್ಯಾನುಗಳ ಸದ್ದು, ಜನರ ಗೊಣಗಾಟ ಎರಡೂ ಕೇಳುತ್ತಿದ್ದವು. ಸ್ಕ್ರೀನ್ ಮೇಲೆ ಏನು ಬಂದಿದೆ ಎಂದು ಕೇಳಿದೆ. ಇಂಗ್ಲಿಷಿನಲ್ಲಿ ಏನೋ ಇದೆ ಎನ್ನುತ್ತಾ ಫೋಟೋ ತೆಗೆದು ಕಳಿಸಿದರು. ಅದರಲ್ಲಿ ಇದ್ದದ್ದು ಇಷ್ಟು:

```
FATAL: remaining connection slots are reserved for non-replication superuser connections
```

ಇದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಕೊಡುವ ಉತ್ತರ. "ಒಳಗೆ ನಿಮಗೆ ಜಾಗವಿಲ್ಲ, ಉಳಿದದ್ದು ಆಡಳಿತಗಾರರಿಗೆ ಮೀಸಲು" ಎಂದು ಅದರ ಅರ್ಥ. ಒಳಗೆ ತುಂಬಿಕೊಂಡಿದ್ದವರು ರೈತರೂ ಅಲ್ಲ, ಕೇಂದ್ರದ ಸಿಬ್ಬಂದಿಯೂ ಅಲ್ಲ. ನಾನೇ ಬರೆದ ಒಂದು ಸಣ್ಣ ಪ್ರೋಗ್ರಾಂ, ಎಪ್ಪತ್ತೇಳು ವೇಷ ಹಾಕಿಕೊಂಡು ಒಳಗೆ ಕೂತಿತ್ತು. ಅದು ಮಾಡಬೇಕಿದ್ದ ಕೆಲಸಕ್ಕೂ ಹಾಲು ಅಳೆಯುವುದಕ್ಕೂ ಸಂಬಂಧವೇ ಇರಲಿಲ್ಲ. ಅಳೆದಾದ ಮೇಲೆ ರೈತರಿಗೆ ಎಸ್‌ಎಂಎಸ್ ಕಳಿಸುವುದಷ್ಟೇ ಅದರ ಕೆಲಸ: ಇಷ್ಟು ಲೀಟರ್, ಇಷ್ಟು ಫ್ಯಾಟ್, ಇಷ್ಟು ಎಸ್‌ಎನ್‌ಎಫ್, ಇಷ್ಟು ರೂಪಾಯಿ.

ಆ ಸಂಜೆ ಹಾಳಾಗಿದ್ದದ್ದು ಎಸ್‌ಎಂಎಸ್ ಕಂಪನಿಯ ಗೇಟ್‌ವೇ. ಯಾರ ಗೇಟ್‌ವೇ ಆದರೂ ಒಂದಲ್ಲ ಒಂದು ದಿನ ಕೆಡುತ್ತದೆ, ಅದಕ್ಕೆ ಯಾರನ್ನೂ ಬೈಯುವಂತಿಲ್ಲ. ಆದರೆ ಮೆಸೇಜು ಹೋಗದಿದ್ದರೆ ಮೆಸೇಜು ಮಾತ್ರ ಹೋಗಬಾರದು, ತಕ್ಕಡಿ ಯಾಕೆ ನಿಲ್ಲಬೇಕು? ಇದಕ್ಕೆ ಉತ್ತರ ಹುಡುಕುತ್ತಾ ಹೋದಾಗಲೇ ಸರ್ಕ್ಯೂಟ್ ಬ್ರೇಕರ್ ಎಂಬುದನ್ನು ನಾನು ಸರಿಯಾಗಿ ಕಲಿತದ್ದು. ಅದರ ಹೆಸರು ಅದಕ್ಕೂ ಹಿಂದೆಯೇ ಹತ್ತಾರು ಸಲ ಓದಿದ್ದೆ, ಆ ಮಾತು ಬೇರೆ.

ಮೊದಲು ಆ ಸಂಜೆಯ ಲೆಕ್ಕ ನೋಡೋಣ. ಸರ್ವರುಗಳಲ್ಲಿ ಕ್ರಾನ್ ಎಂಬ ಗಡಿಯಾರದ ಆಳು ಒಬ್ಬನಿರುತ್ತಾನೆ. ಇಂಥ ಹೊತ್ತಿಗೆ ಇಂಥ ಪ್ರೋಗ್ರಾಂ ಓಡಿಸು ಎಂದು ಬರೆದಿಟ್ಟರೆ ಅಷ್ಟನ್ನು ಮಾಡುತ್ತಾನೆ. ಹಿಂದಿನ ಸಲದ್ದು ಮುಗಿಯಿತೇ ಎಂದು ಕೇಳುವ ಅಭ್ಯಾಸ ಅವನಿಗಿಲ್ಲ. ನನ್ನ ಎಸ್‌ಎಂಎಸ್ ಪ್ರೋಗ್ರಾಮನ್ನು ನಿಮಿಷಕ್ಕೊಂದು ಸಲ ಎಂದು ಬರೆದಿದ್ದೆ. ಅದು ಎದ್ದು, ಡೇಟಾಬೇಸಿಗೆ ಒಂದು ಕನೆಕ್ಷನ್ ತೆಗೆದುಕೊಂಡು, ಇನ್ನೂ ಹೋಗದ ಮೆಸೇಜುಗಳಲ್ಲಿ ಹಳೆಯವು ಮೊದಲೆಂಬಂತೆ ಹೆಚ್ಚೆಂದರೆ 200 ಆಯ್ದುಕೊಂಡು, ಒಂದೊಂದಾಗಿ ಗೇಟ್‌ವೇಗೆ ಕೊಡುತ್ತಿತ್ತು. ಎಲ್ಲ ಕೇಂದ್ರಗಳೂ ಸೇರಿ ನಿಮಿಷಕ್ಕೆ ಸುಮಾರು 40 ಮೆಸೇಜು ಹುಟ್ಟುತ್ತಿದ್ದವು. ಎಲ್ಲ ಸರಿಯಿದ್ದಾಗ ಕೆಲವೇ ಸೆಕೆಂಡಿನ ಕೆಲಸ. ಗೇಟ್‌ವೇ ಉತ್ತರ ಕೊಡದಿದ್ದರೆ 30 ಸೆಕೆಂಡು ಕಾದು ಮುಂದಿನದಕ್ಕೆ ಹೋಗು ಎಂದೂ ಬರೆದಿದ್ದೆ. ಆಗ ಅದೇ ದೊಡ್ಡ ಜಾಣತನ ಅನ್ನಿಸಿತ್ತು.

6 ಗಂಟೆ 10 ನಿಮಿಷಕ್ಕೆ ಗೇಟ್‌ವೇ ಮಾತು ನಿಲ್ಲಿಸಿತು. ಆ ನಿಮಿಷದ ಪ್ರೋಗ್ರಾಂ ಕೈಯಲ್ಲಿ 40 ಮೆಸೇಜು. ಒಂದೊಂದಕ್ಕೂ ಅರ್ಧ ನಿಮಿಷದಂತೆ ಕಾಯಲು 20 ನಿಮಿಷ ಬೇಕು. ಮುಂದಿನ ನಿಮಿಷಕ್ಕೆ ಎರಡನೆಯದು ಎದ್ದಿತು, ಅದರ ಕೈಗೆ 80. ಐದನೆಯದರ ಹೊತ್ತಿಗೆ 200 ತುಂಬಿತು, ಅಂದರೆ 100 ನಿಮಿಷದ ಕಾಯುವಿಕೆ. ಹೋಗದ ಮೆಸೇಜು ಹೋಗದೆಯೇ ಉಳಿದಿದ್ದರಿಂದ ಆಮೇಲೆ ಎದ್ದವೆಲ್ಲ ಅದೇ ಹಳೆಯ 200ನ್ನೇ ಆಯ್ದುಕೊಂಡವು. ಪ್ರತಿಯೊಂದೂ ಒಂದು ಕನೆಕ್ಷನ್ ಹಿಡಿದು ಕೂತಿತು. ಪೋಸ್ಟ್‌ಗ್ರೆಸ್ ಮೊದಲಿನಿಂದಲೇ ಕೊಡುವುದು 100 ಕನೆಕ್ಷನ್, ಅದರಲ್ಲಿ 3 ಆಡಳಿತಗಾರರಿಗೆ ಮೀಸಲು. ಹಾಲಿನ ಕೌಂಟರುಗಳು ಯಾವ ಹೊತ್ತಿನಲ್ಲಿ ನೋಡಿದರೂ 20ರಷ್ಟು ಬಳಸುತ್ತಿದ್ದವು. ಉಳಿದದ್ದು 77. ಮೊದಲೆದ್ದ ಮೂರು ಪ್ರೋಗ್ರಾಂಗಳು ಅಷ್ಟರಲ್ಲಿ ಕೆಲಸ ಮುಗಿಸಿ ಹೊರಟಿದ್ದವು ಎಂದಿಟ್ಟುಕೊಂಡರೆ, ನಿಮಿಷಕ್ಕೊಂದರಂತೆ 77 ಜಾಗ ತುಂಬಲು 80 ನಿಮಿಷ ಸಾಕು. ಏಳೂವರೆಗೆ ಸರಿಯಾಗಿ ನನಗೆ ಫೋನ್ ಬಂದದ್ದು ಹಾಗೆ.

ನಾನು ಲ್ಯಾಪ್‌ಟಾಪ್ ತೆರೆದು ಕೂರುವಷ್ಟರಲ್ಲಿ, 7:40ಕ್ಕೆ, ಗೇಟ್‌ವೇ ತಾನಾಗಿಯೇ ಎದ್ದಿತು. ಪೀಡೆ ಕಳೆಯಿತು ಎಂದುಕೊಂಡೆ. ಆದರೆ ಎಪ್ಪತ್ತೇಳು ಪ್ರೋಗ್ರಾಂಗಳ ಕೈಯಲ್ಲೂ ಅದೇ 200 ಹೆಸರಿನ ಪಟ್ಟಿ ಇತ್ತಲ್ಲ! ಒಂದು ಕಳಿಸಿದ್ದನ್ನು ಇನ್ನೊಂದು ನೋಡುತ್ತಿರಲಿಲ್ಲ. ತಾನು ನಿಂತಿದ್ದ ಜಾಗದಿಂದ ಪಟ್ಟಿಯ ತುದಿಯವರೆಗೆ ಪ್ರತಿಯೊಂದೂ ಕಳಿಸುತ್ತಾ ಹೋಯಿತು. ಪಟ್ಟಿಯ ಮೊದಲ 20 ಜನರನ್ನು ಎಲ್ಲವೂ ದಾಟಿಬಿಟ್ಟಿದ್ದರಿಂದ ಅವರಿಗೆ ಆಗ ಒಂದೂ ಹೋಗಲಿಲ್ಲ. ಕೊನೆಯ 30 ಜನರಿಗೆ ಎಪ್ಪತ್ತಕ್ಕೂ ಹೆಚ್ಚು ಸಲ ಹೋಯಿತು. ಮಾರನೇ ಬೆಳಿಗ್ಗೆ ಹಾಲು ಹಾಕಲು ಬಂದ ಒಬ್ಬರು ಕೌಂಟರಿನಲ್ಲಿ ಫೋನ್ ತೋರಿಸಿ ಕೇಳಿದರಂತೆ: "ನಿನ್ನೆ ಸಂಜೆ ನಮ್ ಹಸ ಎಪ್ಪತ್ತು ಸಲ ಕರದೈತೆ, ಬಟವಾಡೆ ಯಾವಾಗ ಕೊಡ್ತೀರಿ?"

ಈಗ ಬ್ರೇಕರ್ ವಿಷಯಕ್ಕೆ ಬರೋಣ. ಮನೆಯ ಮೀಟರ್ ಬೋರ್ಡಿನಲ್ಲಿರುವ ಎಂಸಿಬಿ ಎಲ್ಲರಿಗೂ ಗೊತ್ತು. ಗೀಸರಿನಲ್ಲಿ ಶಾರ್ಟ್ ಆದರೆ ಟಪ್ ಎಂದು ಬೀಳುತ್ತದೆ. ಗೀಸರನ್ನು ಉಳಿಸುವುದು ಅದರ ಉದ್ದೇಶವಲ್ಲ. ಗೀಸರ್ ಕೆಟ್ಟದ್ದಕ್ಕೆ ಮನೆಯ ವೈರಿಂಗ್ ಸುಡಬಾರದು, ಅಷ್ಟೇ. ಪ್ರೋಗ್ರಾಂಗಳಿಗೂ ಇದೇ ಉಪಾಯವನ್ನು ಹೊಂದಿಸಿ ಅದನ್ನು ಬಳಕೆಗೆ ತಂದವರು ಮೈಕೆಲ್ ನೈಗಾರ್ಡ್, 2007ರಲ್ಲಿ ಬಂದ ಅವರ 'ರಿಲೀಸ್ ಇಟ್!' ಪುಸ್ತಕದಲ್ಲಿ. ಆ ಪುಸ್ತಕದಲ್ಲಿ ಅವರು ಹೇಳುವ ಒಂದು ವಿಮಾನಯಾನ ಕಂಪನಿಯ ಕಥೆಯೂ ಡೇಟಾಬೇಸ್ ಕನೆಕ್ಷನ್ ಖಾಲಿಯಾಗಿ ಚೆಕ್‌-ಇನ್ ಕಿಯೋಸ್ಕುಗಳು ನಿಂತದ್ದೇ. ಅದನ್ನು ಓದಿದಾಗ ನನ್ನ ಹಾಲಿನ ಕ್ಯೂ ಕಣ್ಣ ಮುಂದೆ ಬಂತು.

ಬ್ರೇಕರಿಗೆ ಮೂರು ಸ್ಥಿತಿ. ಹೆಸರುಗಳು ಸ್ವಲ್ಪ ತಲೆಕೆಡಿಸುತ್ತವೆ, ಯಾಕೆಂದರೆ ಅವು ಬಾಗಿಲಿನ ಭಾಷೆಯಲ್ಲ, ತಂತಿಯ ಭಾಷೆ. 'ಮುಚ್ಚಿದೆ' ಅಂದರೆ ತಂತಿ ಕೂಡಿದೆ, ಕರೆಗಳು ಹೋಗುತ್ತಿವೆ, ಎಲ್ಲ ಕ್ಷೇಮ. 'ತೆರೆದಿದೆ' ಅಂದರೆ ತಂತಿ ಬಿಟ್ಟುಕೊಂಡಿದೆ, ಕರೆ ಮಾಡುವಂತಿಲ್ಲ. ಆ ಕಡೆಯವರು ಸತತವಾಗಿ ಇಷ್ಟು ಸಲ ಕೈಕೊಟ್ಟರು ಎಂದಾಗ ಬ್ರೇಕರ್ ತೆರೆದುಕೊಳ್ಳುತ್ತದೆ, ಆಮೇಲೆ ಒಂದಷ್ಟು ಹೊತ್ತು ನಾವು ಆ ಕಡೆ ತಲೆಯೇ ಹಾಕುವುದಿಲ್ಲ. ಆ ಹೊತ್ತು ಮುಗಿದ ಮೇಲೆ ಮೂರನೆಯ ಸ್ಥಿತಿ, 'ಅರೆ ತೆರೆದದ್ದು'. ಆಗ ಒಂದೇ ಒಂದು ಕರೆ ಮಾಡಿ ನೋಡುತ್ತೇವೆ. ಉತ್ತರ ಬಂದರೆ ಮುಚ್ಚುತ್ತೇವೆ, ಬರದಿದ್ದರೆ ಮತ್ತೆ ತೆರೆದು ಕಾಯುತ್ತೇವೆ.

ಎಂಸಿಬಿಯಲ್ಲಿ ಈ ಮೂರನೆಯದು ಇಲ್ಲ, ಯಾರಾದರೂ ಸ್ಟೂಲು ಹತ್ತಿ ಕೈಯಿಂದ ಎತ್ತಬೇಕು. ಇದಕ್ಕೆ ಹತ್ತಿರದ ನೆಂಟ ಎಂದರೆ ವಿದ್ಯುತ್ ಲೈನುಗಳಲ್ಲಿ ಹಾಕುವ ಆಟೋ ರಿಕ್ಲೋಸರ್. ಗಾಳಿಗೆ ಕೊಂಬೆಯೊಂದು ತಂತಿಗೆ ತಾಗಿದಾಗ ಅದು ಲೈನನ್ನು ಕತ್ತರಿಸುತ್ತದೆ, ಸ್ವಲ್ಪ ಬಿಟ್ಟು ಕೂಡಿಸಿ ನೋಡುತ್ತದೆ, ಇನ್ನೂ ತಾಗಿದ್ದರೆ ಮತ್ತೆ ಕತ್ತರಿಸುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ, ಬಂದು, ಮತ್ತೆ ಹೋಗುವುದನ್ನು ನೋಡಿ "ಕಣ್ಣಾಮುಚ್ಚಾಲೆ ಆಡ್ತಿದೆ" ಎನ್ನುತ್ತೇವಲ್ಲ, ಕೆಲವು ಸಲ ಆ ಆಟ ಆಡುವುದು ಈ ಯಂತ್ರ. ಕೆಲವು ಸಲ ಪ್ರಯತ್ನಿಸಿಯೂ ಆಗದಿದ್ದರೆ ಅದು ಕೈಬಿಡುತ್ತದೆ. ಆಗ ಲೈನ್‌ಮ್ಯಾನ್ ಬರಲೇಬೇಕು.

ಇಷ್ಟು ತಿಳಿದ ಮೇಲೆ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಸಿದ್ಧವಾಗಿ ಸಿಗುವ ಒಂದು ಬ್ರೇಕರ್ ಲೈಬ್ರರಿ ತಂದು ಪ್ರೋಗ್ರಾಮಿನೊಳಗೆ ಸೇರಿಸಿದೆ. ಐದು ಸಲ ಸೋತರೆ ಒಂದು ನಿಮಿಷ ತೆರೆ ಎಂದು ಹೇಳಿದೆ. ಪರೀಕ್ಷೆಗೆಂದು ಗೇಟ್‌ವೇ ವಿಳಾಸವನ್ನು ಬೇಕೆಂದೇ ತಪ್ಪು ಬರೆದು ಒಂದು ಗಂಟೆ ಓಡಲು ಬಿಟ್ಟೆ. ಲಾಗ್ ತೆರೆದು ನೋಡಿದರೆ ಪ್ರತಿ ನಿಮಿಷವೂ ಐದು ಸೋಲು, ಆಮೇಲೆ 'ಬ್ರೇಕರ್ ತೆರೆಯಿತು'. ಮುಂದಿನ ನಿಮಿಷ ಮತ್ತೆ ಐದು ಸೋಲು, ಮತ್ತೆ 'ಬ್ರೇಕರ್ ತೆರೆಯಿತು'. ಗಂಟೆಗೆ 300 ಸೋಲು. ಬ್ರೇಕರ್ ಪ್ರತಿ ಸಲವೂ ಹೊಸದಾಗಿ ಪಾಠ ಕಲಿಯುತ್ತಿತ್ತು.

ನಿಗದಿತ ಹೊತ್ತಿಗೆ ಓಡುವ ಕೆಲಸಗಳು ಬೇರೆ ಜಾತಿಯವು ಎಂದು ಗೊತ್ತಾಗುವುದು ಇಲ್ಲಿ. ಬ್ರೇಕರ್ ಲೈಬ್ರರಿಗಳು ಹುಟ್ಟಿದ್ದು ದಿನವಿಡೀ ಎದ್ದಿರುವ ವೆಬ್ ಸರ್ವರುಗಳಿಗಾಗಿ. ಅವು ಸೋಲಿನ ಎಣಿಕೆಯನ್ನು ತಮ್ಮ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತವೆ. ಕ್ರಾನ್ ಎಬ್ಬಿಸುವ ಪ್ರೋಗ್ರಾಮಾದರೋ ಪ್ರತಿ ಸಲ ಹೊಸದಾಗಿ ಹುಟ್ಟಿ, ಕೆಲಸ ಮಾಡಿ, ಸಾಯುತ್ತದೆ. ಅದರ ಜೊತೆಗೆ ಎಣಿಕೆಯೂ ಸಾಯುತ್ತದೆ. ಆ ಲೈಬ್ರರಿಗಳ ಅಳತೆಗಳೂ ಬೇರೆ. ನೆಟ್‌ಫ್ಲಿಕ್ಸ್ 2012ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಹಿಸ್ಟ್ರಿಕ್ಸ್ ಎಂಬ ಹೆಸರುವಾಸಿ ಲೈಬ್ರರಿ, ನಾವು ಏನೂ ಬದಲಿಸದಿದ್ದರೆ, ಹತ್ತು ಸೆಕೆಂಡಿನೊಳಗೆ ಕನಿಷ್ಠ 20 ಕರೆಗಳಾಗಿ ಅರ್ಧ ಸೋತರೆ ಮಾತ್ರ ತೆರೆದುಕೊಳ್ಳುತ್ತಿತ್ತು. ಕೋಟ್ಯಂತರ ಜನ ಸಿನಿಮಾ ನೋಡುವ ಕಡೆ ಅದು ಸರಿ. ಐದು ನಿಮಿಷಕ್ಕೊಂದು ಕರೆ ಮಾಡುವ ಪ್ರೋಗ್ರಾಮಿಗೆ ಆ ಬ್ರೇಕರ್ ಹಾಕಿದರೆ ಕಲ್ಪಾಂತ್ಯದವರೆಗೂ ತೆರೆಯುವುದಿಲ್ಲ.

ಹಾಗಾಗಿ ನೆನಪನ್ನು ಪ್ರೋಗ್ರಾಮಿನ ಹೊರಗೆ ಇಡಬೇಕು. ಮನೆಗೆಲಸಕ್ಕೆ ದಿನಕ್ಕೊಬ್ಬರು ಬರುವ ಮನೆಯಲ್ಲಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುತ್ತೇವಲ್ಲ, ಹಾಗೆ. ನಾನು ಮಾಡಿದ್ದು ಡೇಟಾಬೇಸಿನಲ್ಲಿ ಒಂದು ಪುಟ್ಟ ಟೇಬಲ್, ಹೊರಗಿನ ಸೇವೆಯೊಂದಕ್ಕೆ ಒಂದು ಸಾಲು:

```
name         state  fails  open_until
sms-gateway  open   5      18:24:00
```

ಪ್ರೋಗ್ರಾಂ ಎದ್ದ ತಕ್ಷಣ ಮೊದಲು ಓದುವುದು ಇದನ್ನು. ತೆರೆದಿದೆ, ಹೊತ್ತು ಇನ್ನೂ ಆಗಿಲ್ಲ ಎಂದರೆ ಏನೂ ಮಾಡದೆ ಮಲಗುತ್ತದೆ. ಹೊತ್ತು ಆಗಿದ್ದರೆ 200ರ ಬದಲು ಒಂದೇ ಮೆಸೇಜು ಎತ್ತಿಕೊಳ್ಳುತ್ತದೆ. ಅರೆ ತೆರೆದ ಸ್ಥಿತಿ ಎಂದು ದೊಡ್ಡದಾಗಿ ಹೇಳಿದ್ದು ಬರಹದಲ್ಲಿ ಇಷ್ಟೇ:

```python
b = load("sms-gateway")
if b.state == "open" and now() < b.open_until:
    sys.exit(0)
batch = 1 if b.state == "open" else 200
```

ಸಾಲು ಸೇವೆಗೊಂದು ಎಂದೆ, ಪ್ರೋಗ್ರಾಮಿಗೊಂದು ಅಲ್ಲ. ಹಾಲಿನ ಲೆಕ್ಕ ಕಳಿಸುವ ಪ್ರೋಗ್ರಾಂ, ಬಟವಾಡೆಯ ದಿನ ಹಣ ಜಮಾ ಆಯಿತೆಂದು ಕಳಿಸುವ ಪ್ರೋಗ್ರಾಂ, ಎರಡೂ ಬಡಿಯುವುದು ಅದೇ ಬಾಗಿಲನ್ನು. ಒಂದಕ್ಕೆ ಗೊತ್ತಾದದ್ದು ಇನ್ನೊಂದಕ್ಕೂ ಗೊತ್ತಾಗಲಿ.

ಬ್ರೇಕರಿಗೂ ಮುಂಚೆ ಎರಡು ಕೆಲಸ ಆಗಿರಬೇಕು. ಕಾಯುವ ಸಮಯವನ್ನು 30ರಿಂದ 5 ಸೆಕೆಂಡಿಗೆ ಇಳಿಸಿದೆ. ಎಷ್ಟೋ ಪ್ರೋಗ್ರಾಂಗಳಲ್ಲಿ ಈ ಮಿತಿಯನ್ನು ಬರೆದೇ ಇರುವುದಿಲ್ಲ. ಪೈಥಾನಿನಲ್ಲಿ ಎಲ್ಲರೂ ಬಳಸುವ ರಿಕ್ವೆಸ್ಟ್ಸ್ ಲೈಬ್ರರಿ ನಾವು ಹೇಳದಿದ್ದರೆ ಯಾವ ಮಿತಿಯನ್ನೂ ಹಾಕಿಕೊಳ್ಳದೆ ಕಾಯುತ್ತದೆ. ಸೋಲೇ ಗೊತ್ತಾಗದಿದ್ದರೆ ಬ್ರೇಕರ್ ಎಣಿಸುವುದಾದರೂ ಏನನ್ನು? ಇನ್ನೊಂದು, ಹಿಂದಿನದು ಮುಗಿಯದೆ ಮುಂದಿನದು ಏಳದಂತೆ ಬೀಗ. ಲಿನಕ್ಸಿನಲ್ಲಿ ಇದಕ್ಕೆ ಒಂದೇ ಸಾಲು ಸಾಕು:

```
* * * * * flock -n /tmp/sms.lock /opt/dairy/send_sms.py
```

ಬೀಗ ಬೇರೆಯವರ ಕೈಯಲ್ಲಿದ್ದರೆ ಹೊಸದು ಸದ್ದಿಲ್ಲದೆ ಹಿಂದಿರುಗುತ್ತದೆ. ಆ ಸಂಜೆ ಈ ಒಂದು ಸಾಲು ಇದ್ದಿದ್ದರೆ ತಕ್ಕಡಿ ನಿಲ್ಲುತ್ತಿರಲಿಲ್ಲ, ಹಸುವೂ ಎಪ್ಪತ್ತು ಸಲ ಕರೆಯುತ್ತಿರಲಿಲ್ಲ. ಹಾಗಾದರೆ ಬ್ರೇಕರ್ ಯಾಕೆ ಎಂದು ಕೇಳಬಹುದು, ನ್ಯಾಯವಾದ ಪ್ರಶ್ನೆ. ಬೀಗ ನಮ್ಮ ಮನೆಯನ್ನು ಉಳಿಸುತ್ತದೆ, ಸತ್ತ ಬಾಗಿಲು ಬಡಿಯುವುದನ್ನು ನಿಲ್ಲಿಸುವುದಿಲ್ಲ. 200 ಮೆಸೇಜಿಗೆ ಐದೈದು ಸೆಕೆಂಡು ಎಂದರೆ ಹದಿನೇಳು ನಿಮಿಷ ವ್ಯರ್ಥ ಕಾದು, ಮತ್ತೆ ಮೊದಲಿನಿಂದ ಶುರು. ಆ ಕಡೆಯ ಗೇಟ್‌ವೇಯಾದರೂ ನಮ್ಮೊಬ್ಬರದಲ್ಲ. ನಮ್ಮಂಥವರು ಸಾವಿರ ಜನ ಒಟ್ಟಿಗೆ ಬಡಿಯುತ್ತಿದ್ದರೆ ಏಳಲು ಹೊರಟದ್ದೂ ಮತ್ತೆ ಬೀಳುತ್ತದೆ.

ಎಷ್ಟು ಹೊತ್ತು ತೆರೆದಿಡಬೇಕು? ನಾನು ಹಾಕಿಕೊಂಡದ್ದು ಮೊದಲ ಸಲ 2 ನಿಮಿಷ, ಪರೀಕ್ಷೆಯ ಕರೆ ಸೋತರೆ 4, ಮತ್ತೆ ಸೋತರೆ 8, ಆಮೇಲೆ ಎಷ್ಟು ಸೋತರೂ 10. ಈ ಹತ್ತನ್ನು ಆರಿಸಿದ್ದಕ್ಕೆ ಕಾರಣವಿದೆ. ಗೇಟ್‌ವೇ ಎದ್ದ ಮೇಲೂ ನಾವು ಗೊತ್ತಾಗದೆ ಸುಮ್ಮನೆ ಕೂತಿರುವ ಹೊತ್ತು ಹೆಚ್ಚೆಂದರೆ ಅಷ್ಟು. ಹಾಲಿನ ಮೆಸೇಜು ಹತ್ತು ನಿಮಿಷ ತಡವಾದರೆ ಯಾರಿಗೂ ನಷ್ಟವಿಲ್ಲ. ಆ ಸಂಜೆಯ 90 ನಿಮಿಷವನ್ನೇ ಮತ್ತೆ ಓಡಿಸಿ ನೋಡೋಣ. 6:10ರ ಪ್ರೋಗ್ರಾಂ ಐದು ಸಲ ಸೋತು, 25 ಸೆಕೆಂಡಿನಲ್ಲಿ ಬ್ರೇಕರ್ ತೆರೆದು ಮಲಗುತ್ತದೆ. ಮುಂದೆ ಸುಮಾರು 2, 6, 14, 24ನೇ ನಿಮಿಷಕ್ಕೆ, ಹೀಗೆ 84ನೇ ನಿಮಿಷದವರೆಗೆ ಹತ್ತು ಒಂಟಿ ಕರೆ. ಒಟ್ಟು ಹದಿನೈದು. ಬ್ರೇಕರ್ ಇಲ್ಲದ ಆ ಸಂಜೆ ನಾವು ಮಾಡಿದ್ದ ಕರೆಗಳನ್ನು ಲೆಕ್ಕ ಹಾಕಿದರೆ ಏಳು ಸಾವಿರಕ್ಕೂ ಮೇಲಾಗುತ್ತದೆ. 90ನೇ ನಿಮಿಷಕ್ಕೆ ಗೇಟ್‌ವೇ ಎದ್ದಿತು. ನಮಗೆ ಗೊತ್ತಾಗುವುದು 94ನೇ ನಿಮಿಷದ ಕರೆಗೆ. ನಾಲ್ಕು ನಿಮಿಷ ತಡ, ಅಷ್ಟೇ ನಷ್ಟ.

ಅಷ್ಟರಲ್ಲಿ ಬಾಕಿ ಉಳಿದ ಮೆಸೇಜು 3,760. ಇವನ್ನೆಲ್ಲ ಒಂದೇ ಉಸಿರಿಗೆ ತಳ್ಳಬೇಕೆಂಬ ಆಸೆಯಾಗುತ್ತದೆ, ತಳ್ಳಬಾರದು. ನಿಮಿಷಕ್ಕೆ 200ರ ಮಿತಿ ಹಾಗೇ ಇರಲಿ. ಹೊಸದಾಗಿ ಹುಟ್ಟುವ 40 ಕಳೆದರೂ ನಿಮಿಷಕ್ಕೆ 160 ಕರಗುತ್ತದೆ, ಇಪ್ಪತ್ನಾಲ್ಕು ನಿಮಿಷದಲ್ಲಿ ಬಾಕಿ ಚುಕ್ತಾ. ಹಾಲಿನ ಲೆಕ್ಕ ಹಳಸುವುದಿಲ್ಲ. ಅದೇ ಓಟಿಪಿಯಾಗಿದ್ದರೆ ಒಂದೂವರೆ ಗಂಟೆ ಹಳೆಯದನ್ನು ಕಳಿಸುವುದಕ್ಕಿಂತ ಎಸೆಯುವುದೇ ಲೇಸು.

ಬ್ರೇಕರ್ ಹಾಕಿ ಕೆಲವು ವಾರ ನೆಮ್ಮದಿಯಿಂದಿದ್ದೆ. ಆಮೇಲೆ ಒಂದು ಬೆಳಿಗ್ಗೆ ಬ್ರೇಕರ್ ತೆರೆಯಿತು, ತೆರೆದೇ ಇತ್ತು. ಎಸ್‌ಎಂಎಸ್ ಕಂಪನಿಗೆ ಫೋನ್ ಮಾಡಿದರೆ ತಮ್ಮಲ್ಲಿ ಎಲ್ಲ ಸರಿಯಿದೆ ಎಂದರು. ಎಲ್ಲ ಕಂಪನಿಗಳೂ ಮೊದಲು ಹೇಳುವುದು ಅದನ್ನೇ, ಆದ್ದರಿಂದ ನಾನು ನಂಬಲಿಲ್ಲ. ಆದರೆ ಈ ಸಲ ಅವರ ಮಾತು ನಿಜವಾಗಿತ್ತು. ಹೊಸದಾಗಿ ಸೇರಿದ ಒಂದು ಕೇಂದ್ರದವರು ರೈತರ ಪಟ್ಟಿಯನ್ನು ಎಕ್ಸೆಲ್‌ನಿಂದ ಹಾಕಿದ್ದರು. ಅದರಲ್ಲಿ ಏಳೆಂಟು ಮೊಬೈಲ್ ನಂಬರುಗಳಿಗೆ ಒಂಬತ್ತೇ ಅಂಕಿ. ಗೇಟ್‌ವೇ ಅವಕ್ಕೆ 400 ಎಂಬ ಉತ್ತರ ಕೊಡುತ್ತಿತ್ತು, ಅಂದರೆ 'ನೀನು ಕೊಟ್ಟದ್ದೇ ತಪ್ಪು'. ನಾನು ಅದನ್ನೂ ಸೋಲೆಂದು ಎಣಿಸಿದ್ದೆ. ಅವು ಎಂದೂ ಹೋಗುವ ಮೆಸೇಜುಗಳಲ್ಲ, ಆದ್ದರಿಂದ ಸದಾ ಪಟ್ಟಿಯ ತಲೆಯಲ್ಲಿ ಕೂತಿದ್ದವು. ಐದು ಸೋಲು, ಬ್ರೇಕರ್ ತೆರೆಯಿತು. ಹೊತ್ತಾದ ಮೇಲೆ ಪರೀಕ್ಷೆಗೆ ಎತ್ತಿಕೊಂಡ ಒಂದು ಮೆಸೇಜೂ ಅವುಗಳಲ್ಲೇ ಒಂದು, ಮತ್ತೆ ಸೋಲು. ಒಂಬತ್ತು ಅಂಕಿಯ ಒಂದು ನಂಬರು ಊರಿಗೆಲ್ಲ ಮೆಸೇಜು ನಿಲ್ಲಿಸಿತ್ತು.

ಆಗ ತಿದ್ದಿಕೊಂಡ ನಿಯಮವನ್ನು ಇವತ್ತಿಗೂ ಬದಲಿಸಿಲ್ಲ. ಬ್ರೇಕರ್ ಕೇಳುವ ಪ್ರಶ್ನೆ ಕೆಲಸ ಆಯಿತೇ ಎಂಬುದಲ್ಲ, ಆ ಕಡೆ ಜೀವ ಇದೆಯೇ ಎಂಬುದು. ಕಾಯುವ ಹೊತ್ತು ಮೀರಿತು, ಕನೆಕ್ಷನ್ನೇ ಸಿಗಲಿಲ್ಲ, ಅಥವಾ 500ರ ಸಾಲಿನ ಉತ್ತರ ಬಂತು ಎಂದರೆ ಅದು ಸೋಲು. 400 ಬಂತೆಂದರೆ ಆ ಕಡೆಯವರು ಓದಿ, ತಪ್ಪು ಹುಡುಕಿ, ಉತ್ತರ ಕೊಟ್ಟಿದ್ದಾರೆ. ಅದಕ್ಕಿಂತ ಜೀವಂತಿಕೆಯ ಸಾಕ್ಷಿ ಬೇಕೇ? ಬ್ರೇಕರಿನ ಲೆಕ್ಕದಲ್ಲಿ ಅದು ಗೆಲುವು. ಆ ಮೆಸೇಜನ್ನು ಮಾತ್ರ ಪಕ್ಕಕ್ಕೆ ತೆಗೆದಿಟ್ಟು ಕೇಂದ್ರದವರಿಗೆ ನಂಬರು ತಿದ್ದಿ ಎಂದು ತೋರಿಸಬೇಕು. ಪಾಸ್‌ವರ್ಡ್ ತಪ್ಪೆಂದು 401 ಬಂದರೆ ಅದು ಬೇರೆಯೇ ಕಾಯಿಲೆ. ಕಾದರೆ ವಾಸಿಯಾಗುವುದಿಲ್ಲ, ನನಗೆ ಫೋನ್ ಬರಬೇಕು. 429 ಅಂದರೆ 'ಇಷ್ಟು ವೇಗ ಬೇಡ' ಎಂದರ್ಥ. ಅದರ ಜೊತೆ ಎಷ್ಟು ಹೊತ್ತು ಬಿಟ್ಟು ಬರಬೇಕೆಂದು `Retry-After` ಎಂಬ ಸಾಲಿನಲ್ಲಿ ಕೆಲವರು ಬರೆದೂ ಕಳಿಸುತ್ತಾರೆ. ಅವರೇ ಹೇಳಿದಾಗ ನಮ್ಮ 2, 4, 8ರ ಲೆಕ್ಕ ಬದಿಗಿಟ್ಟು ಅವರ ಮಾತು ಕೇಳುವುದು ಮರ್ಯಾದೆ.

ಅರ್ಧ ಸತ್ತ ಸೇವೆಗಳ ಮುಂದೆ ಈ ಬ್ರೇಕರ್ ಅಷ್ಟೇನೂ ಜಾಣನಲ್ಲ ಎಂಬುದನ್ನೂ ಹೇಳಬೇಕು. ಒಂದು ಮೊಬೈಲ್ ಕಂಪನಿಯ ನಂಬರುಗಳಿಗೆ ಮಾತ್ರ ಹೋಗುತ್ತಿಲ್ಲ, ಉಳಿದವಕ್ಕೆ ಹೋಗುತ್ತಿದೆ ಎಂದುಕೊಳ್ಳಿ. ಸತತ ಐದು ಸೋಲು ಸಿಗುವುದೇ ಅಪರೂಪ, ನಡುವೆ ಒಂದು ಗೆಲುವು ಬಂದು ಎಣಿಕೆ ಸೊನ್ನೆಯಾಗುತ್ತದೆ. ಅದಕ್ಕೆ ಕೊನೆಯ ನೂರು ಕರೆಗಳಲ್ಲಿ ಎಷ್ಟು ಸೋತವು ಎಂದು ನೋಡುವ ವಿಧಾನವೂ ಇದೆ. ನಮ್ಮ ಹಾಲಿನ ಲೆಕ್ಕಕ್ಕೆ ಅಷ್ಟು ಬೇಕಾಗಲಿಲ್ಲ.

ದಿನಕ್ಕೊಮ್ಮೆ ಓಡುವ ಕೆಲಸಕ್ಕೂ ಇದನ್ನು ಹಾಗೇ ತಂದು ಹಾಕಿದರೆ ನಗೆಪಾಟಲು. ರಾತ್ರಿ 2 ಗಂಟೆಗೆ ಬ್ಯಾಂಕಿಗೆ ಬಟವಾಡೆ ಪಟ್ಟಿ ಕಳಿಸುವ ಒಂದೇ ಕರೆಯ ಕೆಲಸ ಎನ್ನಿ. ಐದು ಸೋಲಾಗುವಷ್ಟರಲ್ಲಿ ಐದು ದಿನ ಕಳೆದಿರುತ್ತದೆ, ರೈತರು ಆಫೀಸಿನ ಮುಂದೆ ಕೂತಿರುತ್ತಾರೆ. ಅಂಥ ಕಡೆ ನಾನು ಕೆಲಸವನ್ನೇ 2ರಿಂದ 6ರವರೆಗೆ ಹತ್ತು ನಿಮಿಷಕ್ಕೊಮ್ಮೆ ಎಬ್ಬಿಸಿ, 'ಇವತ್ತಿನದು ಆಗಿದೆ' ಎಂಬ ಗುರುತು ಇದ್ದರೆ ಸುಮ್ಮನೆ ಮಲಗುವಂತೆ ಬರೆಯುತ್ತೇನೆ. ಹಣದ ವಿಷಯವಾದ್ದರಿಂದ ಇನ್ನೊಂದು ಎಚ್ಚರವೂ ಬೇಕು: ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ಆ ಕಡೆ ಕೆಲಸ ಆಗಿಲ್ಲ ಎಂದಲ್ಲ. ಪಟ್ಟಿ ತಲುಪಿ, ರಸೀದಿ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಪ್ರತಿ ಪಟ್ಟಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೇ ಸಲ ಬಂದರೆ ಮತ್ತೆ ಹಣ ಹಾಕಬೇಡಿ ಎಂಬ ಒಪ್ಪಂದ ಆ ಕಡೆಯವರ ಜೊತೆ ಆಗಿರದಿದ್ದರೆ, ಅಲ್ಲಿ ಮರುಪ್ರಯತ್ನವನ್ನು ಯಂತ್ರಕ್ಕೆ ಬಿಡದೆ ಮನುಷ್ಯರೇ ನೋಡಿ ಒತ್ತುವುದು ವಾಸಿ.

ಬ್ರೇಕರಿನ ದೊಡ್ಡ ಅಪಾಯ ಎಂದರೆ ಅದರ ಮೌನ. ತೆರೆದಿದ್ದಾಗ ಪ್ರೋಗ್ರಾಂ ಎದ್ದು, ನೋಡಿ, `sys.exit(0)` ಎಂದು ಮಲಗುತ್ತದೆ. ಸೊನ್ನೆ ಅಂದರೆ ಯಂತ್ರದ ಭಾಷೆಯಲ್ಲಿ 'ಎಲ್ಲ ಸರಿ'. ಕ್ರಾನ್ ದೂರು ಹೇಳುವುದಿಲ್ಲ, ನಿಗಾ ಇಡುವ ಪರದೆಯಲ್ಲಿ ಎಲ್ಲ ಹಸಿರು. ಮೊದಲಾದರೂ ತಕ್ಕಡಿ ನಿಂತು ನನಗೆ ಗೊತ್ತಾಗಿತ್ತು. ಈಗ ಎರಡು ದಿನ ಮೆಸೇಜು ಹೋಗದಿದ್ದರೂ ಹೇಳುವವರಿಲ್ಲ. ಹಾಗೆಂದು ಪ್ರತಿ ನಿಮಿಷ ಎಚ್ಚರಿಕೆಯ ಮೇಲ್ ಬರುವಂತೆ ಮಾಡಿದರೆ ದಿನಕ್ಕೆ 1,440 ಮೇಲ್. ಎರಡನೇ ದಿನಕ್ಕೆ ಅವನ್ನೆಲ್ಲ ಬೇರೆ ಫೋಲ್ಡರಿಗೆ ಕಳಿಸುವ ನಿಯಮ ನಾನೇ ಬರೆದಿರುತ್ತೇನೆ. ಈಗ ಬ್ರೇಕರ್ ತೆರೆದಾಗ ಒಂದು ಮೆಸೇಜು, ಮುಚ್ಚಿದಾಗ ಒಂದು. ಅದರ ಜೊತೆ ಬ್ರೇಕರನ್ನೇ ನಂಬದ ಒಂದು ಕಾವಲು: ಬಾಕಿ ಮೆಸೇಜುಗಳಲ್ಲಿ ಅತಿ ಹಳೆಯದಕ್ಕೆ ಅರ್ಧ ಗಂಟೆ ಮೀರಿದರೆ ನನ್ನ ಫೋನ್ ಬಡಿದುಕೊಳ್ಳುತ್ತದೆ. ಕಾರಣ ಗೇಟ್‌ವೇಯೋ, ಬ್ರೇಕರೋ, ಕ್ರಾನೇ ನಿಂತಿದೆಯೋ, ಅದಕ್ಕೆ ಬೇಕಿಲ್ಲ. ಒಂಬತ್ತು ಅಂಕಿಯ ನಂಬರು ನನ್ನ ಕೈಗೆ ಸಿಕ್ಕಿಬಿದ್ದದ್ದೂ ಈ ಕಾವಲಿನಿಂದಲೇ. ಆ ಎಚ್ಚರಿಕೆ ಎಸ್‌ಎಂಎಸ್‌ನಲ್ಲಿ ಬರುವಂತೆ ಮೊದಲು ಬರೆದಿದ್ದೆ ಎಂಬುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಸತ್ತ ಗೇಟ್‌ವೇಯ ಸುದ್ದಿಯನ್ನು ಅದೇ ಗೇಟ್‌ವೇ ತಂದು ಕೊಡಬೇಕಿತ್ತು!

ಗೋಡೆಯ ಮೇಲೆ ಬರೆದಿಟ್ಟ ಆ ಒಂದು ಸಾಲಿನಿಂದ ನಾನು ಎಣಿಸಿರದ ಇನ್ನೊಂದು ಉಪಯೋಗವಾಯಿತು. ಭಾನುವಾರ ಇಷ್ಟರಿಂದ ಇಷ್ಟು ಗಂಟೆ ದುರಸ್ತಿ ಇದೆ ಎಂದು ಎಸ್‌ಎಂಎಸ್ ಕಂಪನಿಯವರು ಆಗಾಗ ಮೊದಲೇ ತಿಳಿಸುತ್ತಾರೆ. ಹಿಂದೆಲ್ಲ ಅಂಥ ದಿನ ಕ್ರಾನಿನ ಪಟ್ಟಿಯಲ್ಲಿ ಆ ಸಾಲಿನ ಮುಂದೆ ಒಂದು `#` ಹಾಕಿ ನಿಲ್ಲಿಸುತ್ತಿದ್ದೆ, ಸೋಮವಾರ ಅದನ್ನು ತೆಗೆಯಲು ಮರೆಯುತ್ತಿದ್ದೆ. ಈಗ `state` ಜಾಗದಲ್ಲಿ `open` ಎಂದೂ `open_until` ಜಾಗದಲ್ಲಿ ದುರಸ್ತಿ ಮುಗಿಯುವ ಹೊತ್ತನ್ನೂ ನಾನೇ ಬರೆದು ಮಲಗುತ್ತೇನೆ. ಆ ಹೊತ್ತಿಗೆ ಪ್ರೋಗ್ರಾಂ ಒಂದು ಮೆಸೇಜು ಕಳಿಸಿ ನೋಡುತ್ತದೆ, ಹೋದರೆ ಉಳಿದವನ್ನು ಕಳಿಸುತ್ತದೆ. ಹೋಗದಿದ್ದರೆ ಇನ್ನೆರಡು ನಿಮಿಷ ಬಿಟ್ಟು ಮತ್ತೆ ನೋಡುತ್ತದೆ.